ವರ್ಣ: ನಿಮಗೋರಾ, ವಿಟಮಿನ್ ಡಿ: 11

ನಮ್ಮ ವೈನಿ, ಅಂದರೆ ಅತ್ತಿಗೆ, ಸ್ಕೂಟಿ ಹತ್ತಬೇಕಾದರೆ ಮೊದಲು ಹತ್ತು ನಿಮಿಷದ ಅಲಂಕಾರ ಆಗಬೇಕು. ಹೂವಿನ ಚಿತ್ತಾರದ ಸನ್‌ಕೋಟ್, ಮೊಣಕೈ ದಾಟುವ ಗ್ಲೋವ್ಸ್, ಆಮೇಲೆ ಎರಡು ಮೀಟರ್ ಓಢಣಿ ತಲೆ, ಗಲ್ಲ, ಮೂಗು ಎಲ್ಲ ಸುತ್ತಿ ಹಿಂದೆ ಒಂದು ಗಂಟು, ಮೇಲೆ ಕಪ್ಪು ಕನ್ನಡಕ. ಹೆಲ್ಮೆಟ್ ಮಾತ್ರ ಇಲ್ಲ, ಇದು ಪುಣೆ. ಧಾರವಾಡದಿಂದ ಹೊಸದಾಗಿ ಬಂದಾಗ ಇಂಥವರನ್ನು ಸಿಗ್ನಲ್ಲಿನಲ್ಲಿ ಸಾಲಾಗಿ ನೋಡಿ, ಎಲ್ಲೋ ಬ್ಯಾಂಕಿಗೆ ಕನ್ನ ಹಾಕೋಕೆ ಹೊರಟಿದ್ದಾರೆ ಅಂದುಕೊಂಡಿದ್ದೆ. ಹೊರಟಿದ್ದು ಕೊಥ್ರೂಡಿನಲ್ಲಿ ಕೊತ್ತಂಬರಿ ತರೋಕೆ.

ಕಳೆದ ತಿಂಗಳು ವೈನಿಗೆ ಮೈ ಕೈ ನೋವು ಅಂತ ರಕ್ತ ಪರೀಕ್ಷೆ ಆಯಿತು. ವಿಟಮಿನ್ ಡಿ 11. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ಡಾಕ್ಟರು ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟು, ಸ್ವಲ್ಪ ಬಿಸಿಲಿಗೆ ಹೋಗಿ ಅಂದರು. ವೈನಿ ಹೋದರು. ಸನ್‌ಕೋಟ್ ಹಾಕಿಕೊಂಡು ಮೆಡಿಕಲ್ ಶಾಪಿಗೆ ಹೋದರು. ಅಲ್ಲಿ ಒಂದೇ ಬಿಲ್ಲಿನಲ್ಲಿ ಎರಡು ಸಾಮಾನು ಬಂತು. ಬಿಸಿಲು ಕೊಡಬೇಕಾದದ್ದನ್ನು ಕೊಡುವ ಪುಡಿ, ಬಿಸಿಲು ತಾಗದ ಹಾಗೆ ಕಾಣಿಸುವ ಕ್ರೀಮು. ಕ್ರೀಮು ಮಗಳಿಗೆ, ಯಾಕೆಂದರೆ ಮನೆಯಲ್ಲಿ ಬಯೋಡೇಟಾ ತಯಾರಾಗುತ್ತಿದೆ.

ಈ ಊರಿನ ಬಯೋಡೇಟಾದಲ್ಲಿ 'ವರ್ಣ' ಅಂತ ಒಂದು ಕಾಲಂ ಇರುತ್ತದೆ. ಮರಾಠಿಯಲ್ಲಿ ಗೋರಾ, ನಿಮಗೋರಾ, ಗವ್ಹಾಳ, ಸಾವಳಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಇದೆ. ನಿಮಗೋರಾ ಅಂದರೆ ಅರ್ಧ ಬಿಳಿ. ನಮ್ಮ ಕಡೆ ಎಣ್ಣೆಗೆಂಪು ಅಂತಿದ್ದೆವು, ಇಲ್ಲಿಗೆ ಬಂದ ಮೇಲೆ ನಾವೂ ನಿಮಗೋರಾ ಆದೆವು.

ನನಗೆ ಅರ್ಥ ಆಗದ್ದು ಇಷ್ಟೇ. ಪುಣೆ ಇರುವುದು ಭೂಮಧ್ಯರೇಖೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರಕ್ಕೆ. ಮೇ ಮಧ್ಯದಲ್ಲಿ ಒಂದು ದಿನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಕಂಬಕ್ಕೂ ನೆರಳಿರಲ್ಲ. ಇಂಥ ಕಡೆ ಬದುಕೋಕೆ ಬೇಕಾದ ಕೋಟು ಚರ್ಮ ತಾನೇ ಹೊಲಿದುಕೊಂಡಿದೆ. ಅದರ ಹೆಸರು ಮೆಲನಿನ್, ಚರ್ಮಕ್ಕೆ ಕಪ್ಪು ಕೊಡುವ ಬಣ್ಣ. ಮನುಷ್ಯನ ಮೈಮೇಲಿನ ದಟ್ಟ ಕೂದಲು ಉದುರಿದ ಮೇಲೆ ಆಫ್ರಿಕಾದ ಬಿಸಿಲಲ್ಲಿ ಈ ಕೋಟು ಬಂತು. ಒಂದು ಜೀನಿನ ಲೆಕ್ಕದ ಪ್ರಕಾರ ಕನಿಷ್ಠ 12 ಲಕ್ಷ ವರ್ಷದ ಹಳೇ ಮಾಲು. ವೈನಿಯ ಸನ್‌ಕೋಟ್ ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು.

ಕಪ್ಪು ಬಂದಿದ್ದು ಚರ್ಮದ ಕ್ಯಾನ್ಸರಿನಿಂದ ಕಾಪಾಡೋಕೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆದರೆ ಆ ರೋಗ ಸಾಮಾನ್ಯವಾಗಿ ಬರುವುದು ಮಕ್ಕಳು ಮರಿ ಎಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಜೀನು ಮುಂದಿನ ಪೀಳಿಗೆಗೆ ದಾಟಿಯಾಗಿರುತ್ತದೆ, ವಿಕಾಸಕ್ಕೆ ಅಲ್ಲಿ ಹಿಡಿತ ಕಡಿಮೆ. ಸಂಶೋಧಕರಾದ ನೀನಾ ಜಬ್ಲಾನ್ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ 2000ದಲ್ಲಿ ಬೇರೆ ಕಾರಣ ಮುಂದಿಟ್ಟರು, ಫೋಲೇಟ್. ಬಸುರಿಯರಿಗೆ ಮೊದಲ ತಿಂಗಳಿಂದಲೇ ಕೊಡುತ್ತಾರಲ್ಲ, ಆ ಫೋಲಿಕ್ ಆಸಿಡ್ ಮಾತ್ರೆ, ಅದೇ ಬಳಗದ್ದು. ರಕ್ತದಲ್ಲಿನ ಫೋಲೇಟನ್ನು ಜೋರು ಬಿಸಿಲು ಒಡೆಯಬಲ್ಲದು, ಅದು ಸಾಲದೆ ಹೋದರೆ ಹುಟ್ಟುವ ಮಗುವಿನ ಬೆನ್ನುಹುರಿಗೇ ಅಪಾಯ. ಚರ್ಚೆ ಇನ್ನೂ ಮುಗಿದಿಲ್ಲ, ಇದೊಂದೇ ಕಾರಣ ಅಂತ ಎಲ್ಲರೂ ಒಪ್ಪಿಲ್ಲ. ಆದರೂ ಗಮನಿಸಿ, ಮಗು ಬೆಳ್ಳಗೆ ಹುಟ್ಟಲಿ ಅಂತ ಬಸುರಿಗೆ ಕೇಸರಿ ಹಾಲು ಕುಡಿಸುವ ನಾಡಿನಲ್ಲಿ, ಮಗು ನೆಟ್ಟಗೆ ಹುಟ್ಟಲಿ ಅಂತ ಕಾವಲು ನಿಂತಿದ್ದು ತಾಯಿಯ ಕಪ್ಪೇ ಇರಬಹುದು.

ಹಾಗಾದರೆ ಬಿಳಿ ಯಾಕೆ ಬಂತು? ಬಡತನದಿಂದ ಅನ್ನಿ. ಬಿಸಿಲಿನ ಬಡತನ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋಕೆ ಬಿಸಿಲಿನ ಒಂದು ಸಣ್ಣ ಪಾಲು ಬೇಕು, ಯುವಿಬಿ ಅಂತಾರೆ. ಸೂರ್ಯ ಕೆಳಗಿದ್ದರೆ ಕಿರಣ ಓರೆಯಾಗಿ ಜಾಸ್ತಿ ಗಾಳಿ, ಓಝೋನ್ ದಾಟಿ ಬರಬೇಕು, ಯುವಿಬಿ ದಾರಿಯಲ್ಲೇ ಸೋರಿಹೋಗುತ್ತದೆ. ಡಿಸೆಂಬರಿನ ಕೊನೆಯಲ್ಲಿ ಲಂಡನ್ನಿನಲ್ಲಿ ನಡುಮಧ್ಯಾಹ್ನ ಐದಡಿ ಮನುಷ್ಯನ ನೆರಳು 18 ಅಡಿಗೂ ಉದ್ದ. ಅಮೆರಿಕದ ಬಾಸ್ಟನ್ 42 ಡಿಗ್ರಿಯಲ್ಲಿದೆ. ಅಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಬಿಸಿಲಲ್ಲಿ ನಿಂತರೂ ಡಿ ತಯಾರಾಗಲ್ಲ ಅಂತ 1988ರಲ್ಲೇ ಅಳೆದು ನೋಡಿದ್ದಾರೆ. ಅಂಥ ಕಡೆ ದಪ್ಪ ಕೋಟು ಹಾಕಿಕೊಂಡರೆ ಮೂಳೆ ಮೆತ್ತಗಾಗುತ್ತದೆ. ಅದಕ್ಕೇ ಪೀಳಿಗೆಯಿಂದ ಪೀಳಿಗೆಗೆ ಕೋಟು ತೆಳುವಾಗುತ್ತ ಬಂತು. ಇನ್ಯುಯಿಟ್ ಜನ ಇನ್ನೂ ಉತ್ತರಕ್ಕಿದ್ದರೂ ಅಷ್ಟು ಬಿಳಿಚಲಿಲ್ಲ. ಮೀನು, ಸೀಲ್ ತಿಂದು ಹೊಟ್ಟೆಯಿಂದಲೇ ಡಿ ಸಿಗುತ್ತಿತ್ತು. ಅಂದರೆ ಬಿಳಿ ಬಣ್ಣ ಒಂದು ಥರ ರೇಷನ್ ಕಾರ್ಡು. ಬಿಸಿಲು ಸಾಲದವರಿಗೆ ಪ್ರಕೃತಿ ಕೊಟ್ಟಿದ್ದು. ಇಲ್ಲಿ ಬಂಗಾರದ ಅಂಗಡಿ ಇಟ್ಟುಕೊಂಡವರು ಆ ಕಾರ್ಡಿಗೆ ಕ್ಯೂ ನಿಂತಿದ್ದೇವೆ.

"ಹಂಗಿದ್ರ ನನಗ್ಯಾಕ ಕಡಿಮಿ ಐತಿ? ನಾ ದಿನಾ ಮುಂಜಾನೆ ಎಳೆ ಬಿಸಿಲಾಗ ಅಡ್ಡಾಡತೀನಲ್ಲ?" ಅಂತ ವೈನಿ ತಕರಾರು ತೆಗೆದರು.

ಹೌದು, ಆರೂವರೆಗೆ ಹೊರಡುತ್ತಾರೆ. "ವೈನಿ, ಆಗ ನಿಮ್ಮ ನೆರಳು ಎಷ್ಟುದ್ದ ಇರ್ತದ?" ಅಂತ ಕೇಳಿದೆ. ನೆರಳು ನಿಮಗಿಂತ ಉದ್ದ ಇದ್ದರೆ ಯುವಿಬಿ ಬಹಳ ಕಡಿಮೆ, ನಿಮಗಿಂತ ಗಿಡ್ಡ ಇದ್ದರೆ ಕೆಲಸ ಆಗುತ್ತದೆ. ಇಷ್ಟೇ ಅಳತೆ, ಯಂತ್ರ ಗಿಂತ್ರ ಬೇಡ. ಪುಣೆಯಲ್ಲಿ ಡಿಸೆಂಬರಿನಲ್ಲೂ ನಡುಮಧ್ಯಾಹ್ನದ ನೆರಳು ನಮಗಿಂತ ಗಿಡ್ಡವೇ. ಎಳೆ ಬಿಸಿಲಲ್ಲಿ ಹಿತ ಇದೆ, ಡಿ ಇಲ್ಲ. ಮೇಲಾಗಿ ಕಪ್ಪು ಚರ್ಮಕ್ಕೆ ಅಷ್ಟೇ ಡಿ ಮಾಡೋಕೆ ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬೇಕು, ಕೋಟು ದಪ್ಪ ನೋಡಿ.

"ಮಧ್ಯಾಹ್ನ ಬಾಲ್ಕನ್ಯಾಗ ಬಿಸಲಿಗೇ ಕುಂತಿರ್ತೀನಿ" ಅಂದರು. ಆ ಬಾಲ್ಕನಿಗೆ ಅಣ್ಣ ಹೋದ ವರ್ಷ ಗಾಜು ಹಾಕಿಸಿದ್ದಾನೆ. ಗಾಜು ಯುವಿಬಿಯನ್ನು ಹೊರಗೇ ನಿಲ್ಲಿಸುತ್ತದೆ, ಬಿಸಿಲಿನ ಇನ್ನೊಂದು ಪಾಲಾದ ಯುವಿಎಯನ್ನು ಒಳಗೆ ಬಿಡುತ್ತದೆ. ಡಿ ಮಾಡುವುದು ಮೊದಲನೆಯದು, ಚರ್ಮ ಕಂದಿಸೋಕೆ ಎರಡನೆಯದೂ ಸಾಕು. ಅಂದರೆ ವೈನಿ ಇಷ್ಟು ದಿನ ಕುಂತು ಗಳಿಸಿದ್ದು ಕಪ್ಪು ಮಾತ್ರ. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಅಣ್ಣ ಸುಮ್ನೆ ಪೇಪರಿನ ಹಿಂದೆ ಹೋದ.

ಪುಡಿ ತಿನ್ನಬಾರದು ಅಂತಲ್ಲ. 11 ಇದ್ದವರು ಡಾಕ್ಟರು ಹೇಳಿದಷ್ಟು ತಿನ್ನಲೇಬೇಕು. ಆದರೆ ಪಕ್ಕದ ಫ್ಲಾಟಿನ ಕಾಕಾ ವಾರಕ್ಕೊಂದು ಅನ್ನೋದನ್ನು ದಿನಕ್ಕೊಂದು ಅಂತ ಓದಿಕೊಂಡು ಆರು ದಿನ ಕುಡಿದಿದ್ದರು. ಬಿಸಿಲಲ್ಲಿ ಈ ತಪ್ಪು ಆಗಲ್ಲ. ಡಿ ಜಾಸ್ತಿ ಆಗುವ ಮುಂಚೆ ಅದೇ ಬಿಸಿಲು ಹೆಚ್ಚಾದದ್ದನ್ನು ಚರ್ಮದಲ್ಲೇ ಒಡೆದು ಬೇರೆ ಮಾಡುತ್ತದೆ. ಪುಡಿಗೆ ಆ ಬ್ರೇಕ್ ಇಲ್ಲ. ತಿಂಗಳುಗಟ್ಟಲೆ ಹಾಗೇ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಶುರುವಾಗಿ, ಕಿಡ್ನಿವರೆಗೂ ಹೋಗುತ್ತದೆ.

ವರ್ಣದ ಕಾಲಂನಲ್ಲಿ '18.5 ಡಿಗ್ರಿ ಉತ್ತರ' ಅಂತ ಬರೆಯೋಣ ಅಂದೆ. ಯಾರೂ ನಗಲಿಲ್ಲ.

ಮರುದಿನ ಹನ್ನೆರಡಕ್ಕೆ ಸೊಸಾಯಿಟಿಯ ಮಾಳಿಗೆ ಮೇಲೆ ಹೋದರೆ, ವೈನಿ ಒಣಹಾಕಿದ ಸಂಡಿಗೆ ಪಕ್ಕ ಚಾಪೆ ಹಾಸಿ ಕೂತಿದ್ದಾರೆ, ಜೊತೆಗೆ ಮಗಳು. ತೋಳು ಮೇಲಕ್ಕೆ ಮಡಚಿದ್ದಾರೆ, ಮೊಣಕಾಲವರೆಗೆ ಕಾಲು ಬಿಸಿಲಿಗೆ. ಮುಖಕ್ಕೆ ಮಾತ್ರ ಅದೇ ಓಢಣಿ, ಅದೇ ಗಂಟು, ಇಬ್ಬರಿಗೂ. ನಾನು ಬಾಯಿ ತೆರೆಯುವ ಮುಂಚೆಯೇ ವೈನಿ ಅಂದರು, "ಕೈಕಾಲಿಗೆ ಬಿದ್ರ ಡಿ ಆಗೂದಿಲ್ಲೇನು?"

ಆಗುತ್ತದೆ. ಮುಖಕ್ಕಿಂತ ಕೈಕಾಲಿನ ಚರ್ಮವೇ ಜಾಸ್ತಿ.

"ಮತ್ತ? ಬಯೋಡೇಟಾದಾಗ ಮಾರಿ ಫೋಟೋ ಅಷ್ಟ ಹಚ್ಚತಾರ. ಆ ಕಡೆ ಸರೀರಿ, ಸಂಡಿಗಿ ಮ್ಯಾಲ ನೆರಳ ಬೀಳಾಕತ್ತೇತಿ."