ಕೇರಾಫ್ ವಿಳಾಸದಲ್ಲಿ ಕೃಷ್ಣ ಸಂಧಾನ

ನಮ್ಮ ತಂದೆಯವರು ತೀರಿಕೊಂಡ ಮೇಲೆ ಪುತ್ತೂರಿನ ಹಳೆಯ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಅದರೊಳಗೆ 62 ಕ್ಯಾಸೆಟ್‌ಗಳಿದ್ದವು. ಅವರು ಊರೂರು ತಿರುಗಿ ಧ್ವನಿಮುದ್ರಿಸಿಕೊಂಡ ತಾಳಮದ್ದಳೆಗಳವು. ಎರಡು ಮಳೆಗಾಲ ಕಳೆದು ನಾನು ಅವುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮುಗಿಸಿದೆ. ಬ್ಯಾಟರಿ ಉಬ್ಬಿದ್ದರಿಂದ ಅದನ್ನು ಕಿತ್ತುಹಾಕಿದ್ದ ಹಳೆಯ ಲ್ಯಾಪ್‌ಟಾಪೊಂದನ್ನು ಅದೇ ಅಟ್ಟದಲ್ಲಿ, ಅಡಿಕೆ ಗೋಣಿಗಳ ಪಕ್ಕ, ಸರ್ವರ್ ಪದವಿಗೆ ಏರಿಸಿದೆ. ಹಾಡು ಕೇಳಿಸುವ ನ್ಯಾವಿಡ್ರೋಮ್ ಎಂಬ ತಂತ್ರಾಂಶವನ್ನು ಅದರಲ್ಲಿ ಹಾಕಿದ ದಿನ ಮನೆಮಂದಿಯೆಲ್ಲ ತಮ್ಮ ತಮ್ಮ ಫೋನಿನಲ್ಲಿ ಚೆಂಡೆ ಮದ್ದಳೆ ಕೇಳಿ ಸಂತೋಷಪಟ್ಟರು. ಆ ಉತ್ಸಾಹದಲ್ಲಿ ನಾನು ಮುಂಬಯಿಯಲ್ಲಿರುವ ಸೋದರಮಾವನಿಗೆ ಫೋನು ಮಾಡಿ, ಇನ್ನು ನೀವು ಅಲ್ಲಿಂದಲೇ ಕೇಳಬಹುದು ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟದ್ದು ಪೂರ್ತಿ ಅವಿವೇಕದಿಂದಲೇನೂ ಅಲ್ಲ. ಹೊರಗಿನಿಂದ ಬರುವ ಕರೆಯನ್ನು ಅಟ್ಟದ ಯಂತ್ರಕ್ಕೆ ತಲುಪಿಸುವುದಕ್ಕೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಏರ್ಪಾಡು ಇರುವುದು ನನಗೆ ಗೊತ್ತಿತ್ತು. ಲ್ಯಾಪ್‌ಟಾಪಿಗೆ 192.168.1.20 ಎಂಬ ವಿಳಾಸವನ್ನು ಖಾಯಂ ಮಾಡಿದೆ. 4533ನೆಯ ಪೋರ್ಟಿಗೆ ಯಾರೇ ಬಂದರೂ ಅವರನ್ನು ಆ ವಿಳಾಸದ 4533ಕ್ಕೆ ಕಳುಹಿಸಬೇಕೆಂದು ರೌಟರಿನಲ್ಲಿ ಬರೆದು ಉಳಿಸಿದೆ. ರೌಟರಿನ ಸ್ಥಿತಿಗತಿಯ ಪುಟದಲ್ಲಿ ಡಬ್ಲ್ಯೂಎಎನ್ ಐಪಿ ಎಂದಿದ್ದ ಕಡೆ 100.72.14.9 ಎಂದು ಕಂಡಿತು. ಮನೆಯೊಳಗಷ್ಟೇ ಸಲ್ಲುವ ಖಾಸಗಿ ವಿಳಾಸಗಳು 10ರಿಂದಲೋ, 192.168ರಿಂದಲೋ, 172ರ ಒಂದು ಭಾಗದಿಂದಲೋ ಆರಂಭವಾಗುತ್ತವೆಂದು ಹಿಂದೆಂದೋ ಬಾಯಿಪಾಠ ಮಾಡಿದ್ದೆ. ಇದು ಆ ಮೂರರಲ್ಲಿ ಯಾವುದೂ ಅಲ್ಲ. ಮೇಲಾಗಿ ನೂರು ಎಂಬುದು ನೋಡುವುದಕ್ಕೂ ಗೌರವಾನ್ವಿತವಾದ ಸಂಖ್ಯೆ. ಇದೇ ಲೋಕಕ್ಕೆ ಕಾಣುವ ನಮ್ಮ ಮನೆಯ ವಿಳಾಸವೆಂದು ನಿಶ್ಚಯಿಸಿ ಮಾವನಿಗೆ ಕಳುಹಿಸಿದೆ.

"ಎಂತ ಮಾರಾಯ, ಸುತ್ತುತ್ತಾ ಉಂಟು, ಸುತ್ತುತ್ತಾ ಉಂಟು, ಚೆಂಡೆಯೂ ಇಲ್ಲ, ಭಾಗವತರೂ ಇಲ್ಲ" ಎಂದರು ಮಾವ.

ಅಲ್ಲಿಂದ ಮುಂದೆ ನಾನು ಕಳೆದ ಹನ್ನೆರಡು ದಿನಗಳ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಲ್ಯಾಪ್‌ಟಾಪಿನ ಫೈರ್‌ವಾಲನ್ನು ಸಂಶಯಿಸಿ ಅದನ್ನು ಕೆಡವಿದೆ. ಪೋರ್ಟ್ ಸಂಖ್ಯೆಗೇ ದೋಷವಿರಬಹುದೆಂದು 8080 ಮಾಡಿದೆ, 8443 ಮಾಡಿದೆ, ಮತ್ತೆ 4533ಕ್ಕೇ ಮರಳಿದೆ. ರೌಟರನ್ನು ಎಷ್ಟು ಸಲ ಆರಿಸಿ ಹಚ್ಚಿದೆನೆಂದರೆ, ಅದರ ಮುಂದಿನ ಹಸಿರು ದೀಪ ಆರಿದೊಡನೆ ಮಗಳು ಒಳಕೋಣೆಯಿಂದಲೇ "ಅಪ್ಪಾ, ನನ್ನ ಕ್ಲಾಸ್ ಉಂಟು!" ಎಂದು ಕೂಗುವುದು ಮನೆಯ ದಿನಚರಿಯಾಯಿತು. ಕೊನೆಗೆ ರೌಟರೇ ಕೆಟ್ಟದ್ದೆಂದು ತೀರ್ಮಾನಿಸಿ, ಮಂಗಳೂರಿಗೆ ಹೋಗಿ ನಾಲ್ಕು ಕೊಂಬಿನ ಹೊಸದೊಂದನ್ನು ತಂದೆ. ಅದೂ ಹಳೆಯದರಷ್ಟೇ ಪ್ರಾಮಾಣಿಕವಾಗಿ ಏನನ್ನೂ ತಲುಪಿಸಲಿಲ್ಲ.

ಇಂಟರ್‌ನೆಟ್ ಒದಗಿಸುವವರ ಕಡೆಯ ಹುಡುಗ ಬಂದ. ಅವನ ಪ್ರಕಾರ ಇಂಟರ್‌ನೆಟ್ಟಿಗೆ ಬರಬಹುದಾದ ಕಾಯಿಲೆ ಒಂದೇ, ಅದು ವೇಗ ಕಡಿಮೆಯಾಗುವುದು. ತನ್ನ ಫೋನಿನಲ್ಲಿ ವೇಗ ಅಳೆದು ನನ್ನ ಮುಖಕ್ಕೆ ಹಿಡಿದು, "ನೂರು ಎಂಬಿಪಿಎಸ್ ಬರ್ತಾ ಉಂಟಲ್ಲ ಸರ್, ಇನ್ನೆಂತ ಬೇಕು?" ಎಂದು ಕೇಳಿದ. ಬರುವುದು ಸರಿ, ನನ್ನಲ್ಲಿಗೆ ಜನ ಬರುವುದಿಲ್ಲ ಎಂದೆ. ಅವನು ಅಂಗಳದತ್ತ ಒಮ್ಮೆ ನೋಡಿ, ಚಾ ಕುಡಿದು ಹೋದ.

ಅಷ್ಟರಲ್ಲಿ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವೊಂದು ನೆನಪಾಯಿತು. ಕದ ತಟ್ಟುವ ಸದ್ದು ಕೇಳಿಸುತ್ತದೆಯೋ ಇಲ್ಲವೋ ಎಂದು ನೋಡದೆ ಬೀಗ ರಿಪೇರಿ ಮಾಡುತ್ತ ಕುಳಿತಿದ್ದೆನಲ್ಲ! ಅಟ್ಟ ಹತ್ತಿ, ಲ್ಯಾಪ್‌ಟಾಪಿಗೆ ಬರುವ ಪ್ರತಿಯೊಂದು ಪೊಟ್ಟಣವನ್ನೂ ತೋರಿಸುವ ಆಜ್ಞೆ ಕೊಟ್ಟೆ.

```
sudo tcpdump -ni any tcp port 4533
```

ಮೊದಲು ಫೋನನ್ನು ಮನೆಯ ವೈಫೈಯಲ್ಲಿಟ್ಟು ಪುಟ ತೆರೆದಾಗ ಪರದೆಯ ಮೇಲೆ ಸಾಲುಗಳು ಸುರಿದವು. ಅಲ್ಲಿಗೆ ಆಜ್ಞೆ ಸರಿಯಾಗಿದೆ, ಲ್ಯಾಪ್‌ಟಾಪಿನ ಕಿವಿಯೂ ನೆಟ್ಟಗಿದೆ ಎಂದಾಯಿತು. ಆಮೇಲೆ ವೈಫೈ ಆರಿಸಿ ಮೊಬೈಲ್ ಡೇಟಾದ ಮೂಲಕ, ಅಂದರೆ ಹೊರಗಿನವನಾಗಿ, ನಮ್ಮ ಮನೆಗೇ ಬಂದು ನೋಡಿದೆ. ಒಂದು ಸಾಲೂ ಇಲ್ಲ. ಅಟ್ಟದ ಹಲ್ಲಿ ಕೂಡ ಸುಮ್ಮನಿತ್ತು. ಲ್ಯಾಪ್‌ಟಾಪು ಬಾಗಿಲು ಹಾಕಿಕೊಂಡಿದ್ದರೆ ಬಂದವರ ಗುರುತಾದರೂ ಇಲ್ಲಿ ಕಾಣಬೇಕಿತ್ತು. ಇಲ್ಲಿಗೆ ಯಾರೂ ಬಂದೇ ಇಲ್ಲವೆಂದ ಮೇಲೆ ಅವರು ದಾರಿಯಲ್ಲೇ ಎಲ್ಲೋ ನಿಂತಿದ್ದಾರೆ ಎಂದಾಯಿತು.

ದಾರಿಯಲ್ಲಿ ಎಲ್ಲಿ ಎಂಬುದು ತಿಳಿದದ್ದು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟಾಗ. ರೌಟರು ತನ್ನ ವಿಳಾಸ 100.72.14.9 ಎನ್ನುತ್ತಿತ್ತು. ನಮ್ಮ ವಿಳಾಸ ಹೊರಗಿನವರಿಗೆ ಹೇಗೆ ಕಾಣುತ್ತದೆಂದು ಹೇಳುವ ಜಾಲತಾಣವೊಂದನ್ನು ತೆರೆದರೆ ಅದು 203.0.113.45 ಎಂದಿತು. (ನಿಜವಾದ ಸಂಖ್ಯೆ ಬೇರೆ, ಇದು ಉದಾಹರಣೆಗಳಿಗೆಂದೇ ತೆಗೆದಿಟ್ಟ ವಿಳಾಸ. ಒಮ್ಮೆ ಕಂಡವರಿಗೆಲ್ಲ ವಿಳಾಸ ಹಂಚಿ ಪಟ್ಟ ಪಾಡು ಸಾಕು.) ಇವೆರಡೂ ಒಂದೇ ಆಗಿದ್ದರೆ ನನ್ನ ರೌಟರೇ ಬೀದಿಯ ಬಾಗಿಲು. ಬೇರೆಯಾಗಿದ್ದರೆ ನನಗೂ ಬೀದಿಗೂ ನಡುವೆ ಇನ್ನೊಂದು ಬಾಗಿಲಿದೆ, ಅದರ ಕೀಲಿ ಬೇರೆಯವರ ಸೊಂಟದಲ್ಲಿದೆ.

ಇದು ನನಗೆ ಅರ್ಥವಾದದ್ದು ಬಾಲ್ಯದ ಒಂದು ಪದ್ಧತಿಯಿಂದ. ನಮ್ಮ ಹಳ್ಳಿಯ ಮನೆಗಳಿಗೆ ಬರುವ ಕಾಗದಗಳೆಲ್ಲ ಆಗ ಬಸ್ಸು ನಿಲ್ಲುವಲ್ಲಿದ್ದ ಜಿನಸಿನ ಅಂಗಡಿಯ ಕೇರಾಫ್ ಬರುತ್ತಿದ್ದವು. ಅಂಗಡಿಯ ಶೆಟ್ಟರು ಒಂದು ಪುಸ್ತಕ ಇಟ್ಟಿದ್ದರೆಂದು ಊಹಿಸಿಕೊಳ್ಳಿ. ನಾನು ಮುಂಬಯಿಗೆ ಕಾಗದ ಹಾಕಿದರೆ ಶೆಟ್ಟರು ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಉತ್ತರ ಬಂದಾಗ ಪುಸ್ತಕ ನೋಡಿ ನನ್ನ ಮನೆಗೆ ಕಳುಹಿಸುತ್ತಾರೆ. ಆದರೆ ನಾನು ಬರೆಯದೆಯೇ ಹೊಸಬರೊಬ್ಬರು ಬಂದು "4533ಕ್ಕೆ ಹೋಗಬೇಕು" ಎಂದರೆ, ಆ ಅಂಗಡಿಯನ್ನೇ ಆಶ್ರಯಿಸಿದ ಅಷ್ಟೂ ಮನೆಗಳಲ್ಲಿ ಯಾವ ಮನೆಯ 4533 ಎಂದು ಶೆಟ್ಟರಿಗೆ ಹೇಗೆ ತಿಳಿಯಬೇಕು? ಬಂದವರನ್ನು ಮಾತಿಲ್ಲದೆ ಅಲ್ಲೇ ಬಿಡುತ್ತಾರೆ. ನಾನು ಹನ್ನೆರಡು ದಿನ ಮಾಡಿದ್ದೆಂದರೆ, ಬಂದವರು ಅಟ್ಟಕ್ಕೆ ಬನ್ನಿರೆಂಬ ಚೀಟಿಯನ್ನು ನನ್ನ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಅಂಟಿಸಿದ್ದು. ಹೊಸ ರೌಟರು ತಂದದ್ದು ಆ ಚೀಟಿಗೆ ಕಟ್ಟು ಹಾಕಿಸಿದಂತೆ.

ಈ ವ್ಯವಸ್ಥೆಗೆ ಸಿಜಿ-ನ್ಯಾಟ್ ಎಂದು ಹೆಸರು. ಹಳೆಯ ಐಪಿ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಉಗ್ರಾಣದಲ್ಲಿದ್ದ ಕೊನೆಯ ಕಟ್ಟುಗಳನ್ನು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಿದರು. ಆ ಮೇಲೆ ಗಿರಾಕಿಗಳು ಹೆಚ್ಚಿದ ಕಂಪನಿಗಳು ಒಂದೊಂದು ವಿಳಾಸದ ಕೆಳಗೆ ಹಲವು ಮನೆಗಳನ್ನು ಕೂರಿಸತೊಡಗಿದವು. ಕಂಪನಿಗೂ ಮನೆಗೂ ನಡುವಿನ ಈ ತುಂಡಿಗೆ 192.168ನ್ನೋ 10ನ್ನೋ ಬಳಸಿದರೆ ಮನೆಯೊಳಗಿನ ಅದೇ ಸಂಖ್ಯೆಗಳೊಡನೆ ಗೊಂದಲವಾಗುವುದರಿಂದ, 2012ರ ಏಪ್ರಿಲ್‌ನಲ್ಲಿ ಇದಕ್ಕೆಂದೇ 100.64ರಿಂದ 100.127ರವರೆಗಿನ ಸಾಲನ್ನು ಮೀಸಲಿಟ್ಟರು. ನನ್ನ 72 ಆ ಸಾಲಿನ ನಟ್ಟನಡುವೆಯಲ್ಲದಿದ್ದರೂ ಒಳಗಂತೂ ಇತ್ತು. ನಾನು ಬಾಯಿಪಾಠ ಮಾಡಿದ ಪಟ್ಟಿ ಅದಕ್ಕಿಂತ ಹಳೆಯದು.

ಕಚೇರಿಗೆ ಹೋಗಿ ಸಿಜಿ-ನ್ಯಾಟ್ ಎಂಬ ಶಬ್ದವನ್ನು ಉಚ್ಚರಿಸಿದೊಡನೆ ಕೌಂಟರಿನವರ ಧ್ವನಿಯೇ ಬದಲಾಯಿತು. ಅಷ್ಟು ದಿನ ನಾನು "ಇಂಟರ್‌ನೆಟ್ ಬರುವುದಿಲ್ಲ" ಎಂಬ ಗಿರಾಕಿಯಾಗಿದ್ದೆ. "ಹಾಗಾದ್ರೆ ನಿಮಗೆ ಸ್ಟ್ಯಾಟಿಕ್ ಐಪಿ ಬೇಕು ಸರ್. ಅದು ಬಿಸಿನೆಸ್ ಪ್ಲ್ಯಾನಿಗೆ ಮಾತ್ರ. ನಿಮ್ಮ ಬಿಸಿನೆಸ್ ಎಂತದ್ದು?" ಎಂದು ಕೇಳಿದರು. ತಾಳಮದ್ದಳೆ ಎಂದೆ. ಜಿಎಸ್‌ಟಿ ನಂಬರು ಉಂಟಾ ಎಂದರು.

ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ವಿಳಾಸಗಳಿಗೆ ಬರವಿಲ್ಲ; ನನ್ನ ಲ್ಯಾಪ್‌ಟಾಪಿಗೂ ಸ್ವಂತದ್ದೊಂದು ಬಂದಿತ್ತು. ಅದರಲ್ಲಿ ಶೆಟ್ಟರ ಅಂಗಡಿಯ ಮಧ್ಯಸ್ಥಿಕೆ ಇಲ್ಲ. ರೌಟರಿನ ಐಪಿವಿ6 ಫೈರ್‌ವಾಲಿನಲ್ಲಿ ಆ ಯಂತ್ರದ ಆ ಪೋರ್ಟಿಗಷ್ಟೇ ಅನುಮತಿ ಬರೆದದ್ದೇ ತಡ, ನನ್ನ ಮೊಬೈಲ್ ಡೇಟಾದಲ್ಲಿ ಭಾಗವತರು ಹಾಡತೊಡಗಿದರು. ಮಾವನ ಫೋನಿನಲ್ಲೂ ಬಂತು, ಅವರು ಬಸ್ಸಿನಲ್ಲಿರುವಾಗ ಮಾತ್ರ. ಮನೆಗೆ ಬಂದು ವೈಫೈ ಹಾಕಿದೊಡನೆ ನಿಂತುಹೋಗುತ್ತಿತ್ತು, ಏಕೆಂದರೆ ಅವರ ಮನೆಯ ಸಂಪರ್ಕದಲ್ಲಿ ಐಪಿವಿ6 ಇರಲೇ ಇಲ್ಲ. ಬಸ್ಸಿನಲ್ಲಿ ಕುಳಿತು ಮೂರು ಗಂಟೆಯ ಪ್ರಸಂಗ ಕೇಳಿರೆಂದು ಎಪ್ಪತ್ತೆಂಟರ ವೃದ್ಧರಿಗೆ ಹೇಳುವಂತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಶೆಟ್ಟರ ಪುಸ್ತಕವೇ. ಒಳಗಿನಿಂದ ಹೊರಟದ್ದಕ್ಕೆ ಉತ್ತರ ಬರುತ್ತದೆ ಎಂದಾದರೆ, ಲ್ಯಾಪ್‌ಟಾಪೇ ಮೊದಲು ಹೊರಡಲಿ! ಬೀದಿಯ ವಿಳಾಸವಿರುವ ಪುಟ್ಟ ಸರ್ವರೊಂದನ್ನು ತಿಂಗಳ ಬಾಡಿಗೆಗೆ ಹಿಡಿದೆ. ಅಟ್ಟದಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಸುರಂಗ ತೋಡಿದೆ. ಮಾವ ಹೋಗುವುದು ಬಾಡಿಗೆಯ ಸರ್ವರಿಗೆ. ಅದು ಗುಪ್ತಪದ ಕೇಳುವ ಪುಟವನ್ನು ಸುರಂಗದ ಮೂಲಕ ಅಟ್ಟದಿಂದ ತರಿಸಿಕೊಡುತ್ತದೆ. ಇದು ಒಂದು ಸಂಜೆ ಸೊಗಸಾಗಿ ನಡೆದು, ಮರುದಿನ ಬೆಳಿಗ್ಗೆ ಮತ್ತೆ ಸುತ್ತತೊಡಗಿತು. ರಾತ್ರಿಯಿಡೀ ಯಾರೂ ಏನೂ ಕೇಳದಿದ್ದುದರಿಂದ, ಈ ಮನೆಯವರ ವ್ಯವಹಾರ ಮುಗಿಯಿತೆಂದು ಶೆಟ್ಟರು ನನ್ನ ಸಾಲನ್ನು ಹೊಡೆದುಹಾಕಿದ್ದರು. ಅಟ್ಟದ ಕಡೆಯ ಸಂರಚನೆಯಲ್ಲಿ ಈ ಒಂದು ಸಾಲು ಬಿಟ್ಟುಹೋಗಿತ್ತು.

```
PersistentKeepalive = 25
```

ಇದರ ಅರ್ಥ, ಹೇಳುವುದೇನೂ ಇಲ್ಲದಿದ್ದರೂ 25 ಸೆಕೆಂಡಿಗೊಮ್ಮೆ ಅಂಗಡಿಯ ಮುಂದೆ ಹಾದು "ನಾನಿದ್ದೇನೆ ಶೆಟ್ರೇ" ಎನ್ನಬೇಕು. ಅಂದಿನಿಂದ ಲ್ಯಾಪ್‌ಟಾಪು ಹಗಲಿರುಳೂ ಹಾಗೆ ಹೇಳುತ್ತಲೇ ಇದೆ. ಹಾಡು ಬಾಡಿಗೆಯ ಊರನ್ನು ಸುತ್ತಿಕೊಂಡು ಹೋಗುವುದರಿಂದ ಶುರುವಾಗಲು ಚೂರು ತಡವಾಗುತ್ತದೆ. ತಿಂಗಳಿಗೆ ಬಾಡಿಗೆಯನ್ನೂ ಕಟ್ಟಬೇಕು. ನಾಲ್ಕು ಕೊಂಬಿನ ರೌಟರಿನ ಬೆಲೆಯಲ್ಲಿ ಎಷ್ಟು ತಿಂಗಳ ಬಾಡಿಗೆ ಕಳೆಯುತ್ತಿತ್ತೆಂಬ ಲೆಕ್ಕವನ್ನು ನನ್ನ ಹೆಂಡತಿ ಹಾಕಿದ್ದಾಳೆ, ನಾನು ಹಾಕಿಲ್ಲ.

ಮೊದಲ ಭಾನುವಾರ ಮಾವ ತಮಗೆ ಅತ್ಯಂತ ಪ್ರಿಯವಾದ ಕೃಷ್ಣ ಸಂಧಾನವನ್ನು ಹಚ್ಚಿದರು. ಮುಕ್ಕಾಲು ಗಂಟೆ ಒಂದು ತಡೆಯೂ ಇಲ್ಲದೆ ಕೇಳಿಸಿತು. ಆಮೇಲೆ ಅವರ ಫೋನು ಬಂತು.

"ಕೃಷ್ಣ ಐದು ಗ್ರಾಮ ಕೇಳಿ ಆಯ್ತು. ಕೌರವ ಬಾಯಿ ತೆರೆಯುವಷ್ಟರಲ್ಲಿ ಕ್ರಿಕೆಟ್ ಕಾಮೆಂಟರಿ ಬರ್ತಾ ಉಂಟಲ್ಲ ಮಾರಾಯ. ಇದೂ ನಿನ್ನ ಕಂಪನಿಯವರದ್ದೇ ಕೆಲಸವಾ?"

ಹೌದು ಮಾವ, ಅವರದ್ದೇ ಎಂದುಬಿಟ್ಟೆ. ಹತ್ತನೆಯ ತರಗತಿಯಲ್ಲಿದ್ದಾಗ ಆ ಕ್ಯಾಸೆಟ್ಟಿನ ಬಿ ಮುಖದ ಮೇಲೆ ರೇಡಿಯೋದಿಂದ ಕಾಮೆಂಟರಿ ಹಿಡಿದವನು ಯಾರೆಂಬುದು ಅಪ್ಪನಿಗೂ ಗೊತ್ತಾಗಿರಲಿಲ್ಲ.