ಸತ್ಯಾಂಶ: ಬೇಯಿಸಿದರೂ ಲಾಡಿಹುಳು ಸಾಯಲ್ವಾ?

"ಹಂದಿ ಮಾಂಸದ ಹುಳು ಎಷ್ಟು ಬೇಯಿಸಿದರೂ ಸಾಯಲ್ಲ, ಸೀದಾ ಮೆದುಳಿಗೆ ಹತ್ತುತ್ತೆ. ಎಲ್ಲರಿಗೂ ಕಳಿಸಿ." (ಹುಬ್ಬಳ್ಳಿಯ ನಮ್ಮ ಓಣಿ ಗ್ರೂಪಿಗೆ ಬಂದ ಮೆಸೇಜು)

ಸಾಯುತ್ತದೆ. ಮಾಂಸದಲ್ಲಿ ಇರುವುದು ಉದ್ದನೆಯ ಹುಳುವಲ್ಲ, ಅದರ ಮರಿ. ನೆನೆಸಿದ ಸಾಬೂದಾನಿ ಕಾಳಿನಂಥ ಬಿಳಿ ನೀರುಗುಳ್ಳೆಯೊಳಗೆ ಕೂತಿರುತ್ತದೆ. ಕೊಯ್ಯುವಾಗ ಅಂಥವು ಕಂಡರೆ ಆ ಮಾಂಸ ಬೇಡ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ.

ಅರೆಬೆಂದ ಮಾಂಸದ ಜೊತೆ ಮರಿ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ದನದ ಮಾಂಸದ ಲಾಡಿಹುಳುವೂ ಹೀಗೆಯೇ, ಕರುಳು ಬಿಟ್ಟು ಹೋಗುವುದಿಲ್ಲ. ಮೆದುಳಿಗೆ ಹೋಗುವ ದಾರಿ ಬೇರೆ. ಹಂದಿ ಲಾಡಿಹುಳು ಇರುವವರ ಮಲದಲ್ಲಿ ಅದರ ಮೊಟ್ಟೆ ಇರುತ್ತವೆ. ತೊಳೆಯದ ಕೈ, ಕೊಳಕು ನೀರು, ಹಸಿ ಸೊಪ್ಪಿನ ಮೂಲಕ ಆ ಮೊಟ್ಟೆ ಬಾಯಿಗೆ ಬಂದರೆ ಮೆದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ಬರಬಹುದು. ಅಂದರೆ ಮಾಂಸ ಮುಟ್ಟದವರಿಗೂ ಬರುತ್ತದೆ!

ಇನ್ನು ಅಡುಗೆ. ತುಂಡಿನ ನಡುವಿನ ಬಿಸಿ 63 ಡಿಗ್ರಿ ಮುಟ್ಟಿ, ಇಳಿಸಿದ ಮೇಲೆ ಮೂರು ನಿಮಿಷ ಹಾಗೇ ಇರಬೇಕು. ಖೀಮಾ ಆದರೆ 71. ಕುಕ್ಕರಿನಲ್ಲಿ ಮೆತ್ತಗೆ ಬೆಂದ ಸಾರಿಗೆ ಈ ಚಿಂತೆ ಬೇಡ. ಎಡವಟ್ಟಾಗುವುದು ಜೋರು ಉರಿಯ ಫ್ರೈನಲ್ಲಿ. ದೊಡ್ಡ ತುಂಡು ಹೊರಗೆ ಕಂದಾಗಿರುತ್ತದೆ, ಒಳಗೆ ಇನ್ನೂ ಹಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊದಲು ಬೇಯಿಸಿ, ಆಮೇಲೆ ಹುರಿಯಿರಿ. ದಪ್ಪ ತುಂಡೊಂದನ್ನು ಕೊಯ್ದು ನೋಡಿ. ನಡುವೆ ಗುಲಾಬಿ ಬಣ್ಣ ಇದ್ದರೆ ಮತ್ತೆ ಒಲೆಗೇರಿಸಿ. ಲಿಂಬೆರಸ, ಖಾರ ಹಚ್ಚಿಟ್ಟರೆ ರುಚಿ ಬರುತ್ತದೆ ನಿಜ, ಆದರೆ ಅದರಿಂದ ಮರಿ ಸಾಯುತ್ತದೆ ಅಂತ ನಂಬಬೇಡಿ.