ಸಿಮ್ ನಿಂತ ಮೇಲೆ ಕಾರಲ್ಲಿ ಏನು ಉಳಿಯುತ್ತದೆ?

ಭಾವನಿಗೆ ಕಾರು ನೋಡೋಕೆ ಅಂತ ಶೋರೂಮಿಗೆ ಹೋಗಿ ಈಗಷ್ಟೇ ಬಂದೆ. ತಲೆ ಬಿಸಿಯಾಗಿದೆ. ಸೇಲ್ಸ್ ಹುಡುಗ ಕಾರಿಗಿಂತ ಜಾಸ್ತಿ ತೋರಿಸಿದ್ದು ತನ್ನ ಫೋನನ್ನು. "ಮನೆಯಲ್ಲೇ ಕೂತು ಎಸಿ ಆನ್ ಮಾಡಬಹುದು ಸಾರ್. ಮೂರು ವರ್ಷ ಫ್ರೀ."

"ನಾಲ್ಕನೇ ವರ್ಷ?"

"ಸಣ್ಣ ಅಮೌಂಟ್ ಸಾರ್."

ಎಷ್ಟು ಅಂದರೆ ಬರೀ ನಗು!

ಈ ಕಾರುಗಳಲ್ಲಿ ಕಂಪನಿಯೇ ಒಂದು ಸಿಮ್ ಹಾಕಿರುತ್ತದೆ. ನೀವು ಆ್ಯಪ್ ಒತ್ತಿದರೆ ಸಂದೇಶ ಮೊದಲು ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಕಾರಿಗೆ ಬರುತ್ತದೆ. ಆಮೇಲೆ ಕಟ್ಟುವ ದುಡ್ಡು ಈ ದಾರಿಗೆ. ಅದಕ್ಕೇ ನಾನು ಕೇಳುವುದು ಒಂದೇ ಪ್ರಶ್ನೆ: ಸಿಮ್ ನಿಂತರೆ ಏನೇನು ನಿಲ್ಲುತ್ತದೆ? ರಿವರ್ಸ್ ಕ್ಯಾಮೆರಾ ನಿಲ್ಲುವುದಿಲ್ಲ. ಏರ್‌ಬ್ಯಾಗ್ ನಿಲ್ಲುವುದಿಲ್ಲ. ಫೋನಿನ ಆ್ಯಪ್ಪುಗಳನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ನಿಮ್ಮ ಫೋನಿನ ಡೇಟಾದಲ್ಲೇ ನಡೆಯುತ್ತವೆ, ಮ್ಯಾಪು ಹಾಡು ಎರಡೂ ಬರುತ್ತವೆ. ದಿನಾ ಬೇಕಾಗುವುದು ಇವೇ ಅಲ್ವಾ? ನಿಲ್ಲುವುದು ಫೋನಿನಿಂದ ಎಸಿ, ಲಾಕ್, ಕಾರು ಎಲ್ಲಿದೆ ಅನ್ನೋದು, ಅಪಘಾತವಾದರೆ ಕಾರೇ ಮಾಡುವ ಕರೆ.

"ಬಿಸಿಲಲ್ಲಿ ನಿಲ್ಲಿಸಿದ ಕಾರು ತಣ್ಣಗಿದ್ದರೆ ಒಳ್ಳೇದಲ್ವೇನೋ?" ಅಂದ ಭಾವ. ಒಳ್ಳೇದೇ. ಆದರೆ ಅವನು ಗಾಡಿ ನಿಲ್ಲಿಸುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ. ಅಲ್ಲಿ ಬಿಸಿಲೂ ಇಲ್ಲ, ನೆಟ್‌ವರ್ಕೂ ಇಲ್ಲ! ಕಳುವಾದರೆ ಹುಡುಕುವುದು, ಅಪಘಾತದ ಕರೆ, ಇವೆರಡಕ್ಕೆ ಮಾತ್ರ ನಾನು ದುಡ್ಡು ಕೊಟ್ಟೇನು. ರಾತ್ರಿ ಒಬ್ಬರೇ ಹೆದ್ದಾರಿಯಲ್ಲಿ ಓಡಾಡುವವರಿದ್ದರೆ ಕೊಡಲೇಬೇಕು. ಎಲೆಕ್ಟ್ರಿಕ್ ಕಾರಾದರೆ ಚಾರ್ಜ್ ಎಷ್ಟಾಯಿತು ಅಂತ ದೂರದಿಂದ ನೋಡುವುದೂ ಉಪಯೋಗಕ್ಕೆ ಬರುತ್ತದೆ. ಉಳಿದದ್ದು ಸುಮ್ನೆ ಪಟ್ಟಿ ಉದ್ದ ಮಾಡೋಕೆ.

ಅಪ್‌ಡೇಟ್ ವಿಷಯದಲ್ಲಿ ಮಾತ್ರ ಹುಷಾರು. ಪರದೆಗೆ ಹೊಸ ಬಣ್ಣ ಬರುವುದು ಒಂದು, ಬ್ರೇಕು ಬ್ಯಾಟರಿ ನೋಡಿಕೊಳ್ಳುವ ಸಾಫ್ಟ್‌ವೇರಿನ ದೋಷ ಸರಿಯಾಗುವುದು ಇನ್ನೊಂದು. 2018ರಲ್ಲಿ ಟೆಸ್ಲಾ ಮಾಡೆಲ್ 3 ಕಾರು ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ ಅಂತ ಅಮೆರಿಕದ ಒಂದು ಪತ್ರಿಕೆ ದೂರಿತು. ಕಂಪನಿ ಇಂಟರ್ನೆಟ್ಟಿನಲ್ಲೇ ಕಾರಿಗೆ ಸಾಫ್ಟ್‌ವೇರ್ ಕಳಿಸಿ ಅದನ್ನು ಕಡಿಮೆ ಮಾಡಿತು. ಇಂಥದ್ದು ಚಂದಾ ಮುಗಿದ ಮೇಲೂ ಪುಕ್ಕಟೆ ಸಿಗುತ್ತದಾ, ಸಿಮ್ ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಹಾಕಿಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ.

ಇನ್ನು ಬಿಎಂಡಬ್ಲ್ಯೂ ಕಥೆ. ಸೀಟು ಬಿಸಿ ಮಾಡುವ ತಂತಿ ಕಾರಲ್ಲೇ ಇದೆ, ಆನ್ ಮಾಡೋಕೆ ತಿಂಗಳ ಬಾಡಿಗೆ! 2022ರಲ್ಲಿ ಜನ ಉಗಿದರು, 2023ರಲ್ಲಿ ಕೈಬಿಟ್ಟರು. ಇಲ್ಲೂ ಉಗಿಯೋಕೆ ನಾನು ರೆಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರೇ, ಹಳೇ ಮಾಲೀಕರ ಆ್ಯಪಿನಿಂದ ಕಾರನ್ನು ನಿಮ್ಮ ಎದುರಿಗೇ ತೆಗೆಸಿ. ಇಲ್ಲದಿದ್ದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ಕಾಣುತ್ತಲೇ ಇರಬಹುದು. ಭಾವ ಒಂದು ವೇರಿಯಂಟ್ ಕೆಳಗಿನದನ್ನೇ ಬುಕ್ ಮಾಡಿದ.